ಕೊಡೆ ಅಜ್ಜಿಯ ಡಬ್ಬ

ಮನೆಗೆ ಬಂದ ಗಂಡನನ್ನು ಮನೆಯಲ್ಲೇ ಉಳಿಸಿಕೊಳ್ಳಲು ಹೆಂಗಸರು ಏನೇನೋ ಉಪಾಯ ಮಾಡುತ್ತಾರೆ. ಟೀ ಅಕ್ಕ ಒಂದು ತಳ್ಳುಗಾಡಿಯನ್ನು ಬಾಡಿಗೆಗೆ ತಂದಳು.

ಆಗಿನ್ನೂ ಅವಳಿಗೆ ಟೀ ಅಕ್ಕ ಎಂಬ ಹೆಸರು ಬಿದ್ದಿರಲಿಲ್ಲ. ಲಾರಿ ಡ್ರೈವರನ ಹೆಂಡತಿ ಎಂದರಷ್ಟೇ ಬೀದಿಯವರಿಗೆ ಗೊತ್ತಾಗುತ್ತಿತ್ತು. ಆ ಡ್ರೈವರನೋ, ಮದುವೆಯಾದಾಗಿನಿಂದ ಮನೆಗೆ ನೆಂಟನ ಹಾಗೆ ಬಂದು, ನೆಂಟನ ಹಾಗೆ ಉಂಡು, ನೆಂಟನ ಹಾಗೆಯೇ ಹೊರಟುಬಿಡುತ್ತಿದ್ದ. ಮಗಳು ಹುಟ್ಟಿದಾಗ ಎಲ್ಲೋ ಲೋಡು ಇಳಿಸುತ್ತಿದ್ದ. ಅದೇ ಮಗಳ ಮದುವೆಗೆ ಊಟದ ಪಂಕ್ತಿ ಏಳುವ ಹೊತ್ತಿಗೆ ಬಂದು ಮುಟ್ಟಿದ, ಅಂಗಿಗೆ ಗ್ರೀಸು ಮೆತ್ತಿಕೊಂಡೇ. ಕೊನೆಗೆ ಅವನ ಕಣ್ಣು ಮಂಜಾದವು. ಇನ್ನು ಸ್ಟಿಯರಿಂಗ್ ಮುಟ್ಟಬೇಡ ಎಂದರು ಡಾಕ್ಟರು, ಲಾರಿ ಮಾಲೀಕ ಕೀ ಇಸಿದುಕೊಂಡ. ನೆರೆಹೊರೆಯವರೆಲ್ಲ ಅಯ್ಯೋ ಪಾಪ ಎಂದರು. ಅಕ್ಕನೂ ಅವರೊಂದಿಗೆ ಅಯ್ಯೋ ಪಾಪ ಎಂದಳು, ಒಳಗೊಳಗೇ ಸಿಹಿ ಹಂಚಿದಳು. ಪಾಪವೋ ಪುಣ್ಯವೋ, ಬೆಳಿಗ್ಗೆ ಎದ್ದಾಗ ಪಕ್ಕದಲ್ಲಿ ಗಂಡನ ಗೊರಕೆ ಕೇಳಿಸುವುದು ಅವಳಿಗೆ ಬೇಕಾಗಿತ್ತು.

ಆದರೆ ಹೊಟ್ಟೆ ಗೊರಕೆಯಿಂದ ತುಂಬುವುದಿಲ್ಲವಲ್ಲ. ಡ್ರೈವರನ ಹಳೆಯ ಪರಿಚಯದವನೊಬ್ಬ ದೂರದ ಊರಿನ ಗೋಡೌನಿನಲ್ಲಿ ವಾಚ್‌ಮನ್ ಕೆಲಸವಿದೆ ಎಂದು ಹೇಳಿ ಕಳಿಸಿದ. ಗೇಟಿನ ಪಕ್ಕ ಒಬ್ಬರು ಕಾಲು ಚಾಚುವಷ್ಟು ಜಾಗದ ಕೋಣೆ. ವರ್ಷಕ್ಕೆ ಒಂದೆರಡು ಸಲ ಊರಿಗೆ ಬಂದು ಹೋಗಬಹುದು. ಬರುವುದಾದರೆ ಈ ತಿಂಗಳು ಮುಗಿಯುವುದರೊಳಗೆ ಹೇಳಬೇಕು.

"ಹೋಗ್ತೀನಿ ಕಣೇ. ಬೇರೆ ದಾರಿ ಏನಿದೆ?" ಎಂದ ಡ್ರೈವರ.

"ತಿಂಗಳು ಇನ್ನೂ ಇದೆಯಲ್ಲ," ಎಂದಳು ಅಕ್ಕ. "ಅಲ್ಲೀವರೆಗೆ ನಾನೊಂದು ಟೀ ಗಾಡಿ ನಡೆಸಿ ನೋಡ್ತೀನಿ. ನಡೀತು ಅಂದ್ರೆ ನೀವು ಇಲ್ಲೇ ಇರ್ತೀರಿ. ನಡೀಲಿಲ್ಲ ಅಂದ್ರೆ ನಾನೇ ನಿಮ್ಮ ಬ್ಯಾಗು ತುಂಬಿ ಕೊಡ್ತೀನಿ."

ಆ ಬ್ಯಾಗು ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿತ್ತು. ಕಪ್ಪು ರೆಕ್ಸಿನ್ ಬ್ಯಾಗು, ಹಿಡಿಕೆಗೆ ತಂತಿ ಸುತ್ತಿದ್ದು. ಇಷ್ಟು ವರ್ಷ ತನ್ನ ಗಂಡನನ್ನು ಕರೆದುಕೊಂಡು ಹೋಗುತ್ತಿದ್ದ ಸವತಿಯೇ ಅದು ಎಂಬಂತೆ ಅಕ್ಕ ಅದನ್ನು ನೋಡುತ್ತಿದ್ದಳು.

ಟೀ ಮಾಡುವುದರಲ್ಲಿ ಅವಳನ್ನು ಯಾರೂ ಮೀರಿಸುವಂತಿರಲಿಲ್ಲ. ಪ್ರಶ್ನೆ ಇದ್ದದ್ದು ಗಾಡಿ ಎಲ್ಲಿ ನಿಲ್ಲಿಸುವುದು ಎಂಬುದು. ಊರಂಚಿನ ಫ್ಯಾಕ್ಟರಿಗಳ ನಡುವೆ ಎಲ್ಲಕ್ಕಿಂತ ದೊಡ್ಡ ಫ್ಯಾಕ್ಟರಿಯ ಮೇನ್ ಗೇಟನ್ನು ನೋಡಿದ್ದೇ ಅವಳ ಕಣ್ಣು ಅರಳಿತು. ಬೆಳಿಗ್ಗೆ ಆ ಗೇಟಿಗೆ ಜನ ಇರುವೆ ಸಾಲಿನ ಹಾಗೆ ಬರುತ್ತಿದ್ದರು.

"ರೀ, ಇಷ್ಟು ಜನದಲ್ಲಿ ಹತ್ತರಲ್ಲಿ ಒಬ್ಬ ಕುಡಿದ್ರೂ ನಮ್ಮ ಪಾತ್ರೆ ಸಾಲಲ್ಲ!"

ಡ್ರೈವರ ಜನರನ್ನು ನೋಡಲೇ ಇಲ್ಲ, ನೆಲ ನೋಡಿದ. "ಇಲ್ಲಿ ಇಳಿಜಾರಿದೆ. ಗಾಡಿ ಜಾರುತ್ತೆ."

"ಚಕ್ರಕ್ಕೆ ಕಲ್ಲು ಕೊಟ್ರಾಯ್ತು. ನೀವು ಗಾಡಿ ನಿಲ್ಲಿಸೋಕೆ ಜಾಗ ನೋಡ್ತೀರಿ, ನಾನು ವ್ಯಾಪಾರಕ್ಕೆ ಜಾಗ ನೋಡ್ತೀನಿ. ಅಷ್ಟೇ ವ್ಯತ್ಯಾಸ."

ಡ್ರೈವರ ಚಕ್ರಕ್ಕೆ ಕೊಡಲು ಕಲ್ಲು ಹುಡುಕಲು ಹೋದ. ಹೆಂಡತಿಯ ಜೊತೆ ಇಷ್ಟು ದಿನ ಒಟ್ಟಿಗೆ ಇದ್ದು ಅವನಿಗೂ ಅಭ್ಯಾಸವಿರಲಿಲ್ಲ. ಯಾವ ಮಾತಿಗೆ ಎದುರಾಡಬಹುದು, ಯಾವುದಕ್ಕೆ ಆಡಬಾರದು ಎಂಬುದನ್ನು ಇನ್ನೂ ಕಲಿಯುತ್ತಿದ್ದ.

ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ, ಆ ಬೆಟ್ಟದ ಕಲ್ಲುಮುಳ್ಳೆಲ್ಲ ಮೊದಲ ದಿನವೇ ಕಾಲಿಗೆ ಚುಚ್ಚಿದವು. ಬೆಳಿಗ್ಗೆ ಬರುವ ಜನರೆಲ್ಲ ಸೈರನ್ ಆಗುವುದರೊಳಗೆ ಕಾರ್ಡು ಪಂಚ್ ಮಾಡಬೇಕಾದವರು. ತಡವಾದರೆ ಅರ್ಧ ದಿನದ ಸಂಬಳಕ್ಕೆ ಕತ್ತರಿ. ಅವರು ಓಡುತ್ತ ಬಂದು ಓಡುತ್ತಲೇ ಒಳಗೆ ಹೋದರು. ಟೀಯ ಘಮ ಮೂಗಿಗೆ ಬಡಿದು ಕೆಲವರು ಕತ್ತು ತಿರುಗಿಸಿದರು, ಕಾಲು ಮಾತ್ರ ನಿಲ್ಲಲಿಲ್ಲ. ಮಧ್ಯಾಹ್ನ ಅವರಿಗೆ ಒಳಗೇ ಕ್ಯಾಂಟೀನು. ಸಂಜೆ ಹೊರಗೆ ಬಂದವರು ಸೀಟು ಹಿಡಿಯಲು ಕಂಪನಿ ಬಸ್ಸಿನ ಕಡೆಗೆ ಮತ್ತೆ ಓಟ. ಸಾಲದ್ದಕ್ಕೆ ಗೇಟಿನ ಸೆಕ್ಯೂರಿಟಿಯವನು ಗಳಿಗೆಗೊಮ್ಮೆ ಬಂದು, "ಅಮ್ಮಾ, ಸಾಹೇಬ್ರ ಕಾರು ಬರುತ್ತೆ, ಸ್ವಲ್ಪ ಮುಂದಕ್ಕೆ," ಎನ್ನುತ್ತಿದ್ದ. ಮುಂದಕ್ಕೆ ತಳ್ಳಿದರೆ, "ಅಮ್ಮಾ, ಬಸ್ಸು ತಿರುಗಬೇಕು, ಸ್ವಲ್ಪ ಹಿಂದಕ್ಕೆ." ಇಳಿಜಾರಿನಲ್ಲಿ ಕಾದ ಹಾಲಿನ ಪಾತ್ರೆ ಹೊತ್ತ ಗಾಡಿಯನ್ನು ಹಿಂದೆ ಮುಂದೆ ತಳ್ಳುವ ಸುಖ ತಳ್ಳಿದವರಿಗೇ ಗೊತ್ತು.

ಹೀಗೆ ಒಂದು ವಾರ ಕಳೆಯಿತು. ಜನದ ಹೊಳೆ ಎದುರಿಗೇ ಹರಿಯುತ್ತಿತ್ತು, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಸಂಜೆ ಉಳಿದ ಟೀಯನ್ನು ಗಂಡ ಹೆಂಡತಿ ಇಬ್ಬರೇ ಗಾಡಿಯ ಮರೆಯಲ್ಲಿ ಕುಳಿತು ಕುಡಿಯುತ್ತಿದ್ದರು.

"ಒಳ್ಳೆ ಗಿರಾಕಿ ಸಿಕ್ಕಿದ್ದೀರಿ ನಂಗೆ," ಎಂದಳು ಅಕ್ಕ. ಪಾತ್ರೆಯಲ್ಲಿದ್ದದ್ದನ್ನು ಅವನ ಲೋಟಕ್ಕೆ ಬಗ್ಗಿಸಿದಳು. "ಟೀ ಚೆನ್ನಾಗಿಲ್ವಾ?"

"ಟೀಗೇನಾಗಿದೆ? ಓಡೋನಿಗೆ ಬಾಯಾರಿಕೆ ಗೊತ್ತಾಗಲ್ಲ ಕಣೇ. ಕಾಯೋನಿಗೆ ಗೊತ್ತಾಗುತ್ತೆ. ನಾನು ಜೀವಮಾನದಲ್ಲಿ ಕುಡಿದ ಟೀ ಎಲ್ಲಾ ಕಾಯ್ತಾ ಕುಡಿದಿದ್ದೇ."

ಅಕ್ಕ ಲೋಟ ಕೆಳಗಿಟ್ಟಳು. "ಎಲ್ಲಿ ಕಾಯ್ತಿದ್ರಿ?"

"ಇನ್ನೆಲ್ಲಿ, ವೇ ಬ್ರಿಜ್ ಹತ್ರ. ಲಾರಿ ತೂಕಕ್ಕೆ ಸಾಲಿನಲ್ಲಿ ನಿಲ್ಲಿಸಿದ್ರೆ ಮುಗೀತು, ದಿನ ಅಲ್ಲೇ."

"ಇಲ್ಲಿ ವೇ ಬ್ರಿಜ್ ಇಲ್ವಾ?"

"ಇರದೆ ಏನು? ಹಿಂದಿನ ರಸ್ತೇಲಿದೆ."

"ಮೊದಲೇ ಹೇಳಬಾರದಿತ್ತಾ?"

"ನೀನು ಕೇಳಿದ್ಯಾ?"

ಮರುದಿನವೇ ಗಾಡಿ ಹಿಂದಿನ ರಸ್ತೆಗೆ ಹೋಯಿತು.

ಹಿಂದಿನ ರಸ್ತೆಯನ್ನು ನೋಡಿದ ಕೂಡಲೇ ಅಕ್ಕನಿಗೆ ತನ್ನ ತಲೆಯ ಮೇಲೆ ತಾನೇ ಮೊಟಕಿಕೊಳ್ಳಬೇಕೆನಿಸಿತು. ಮುಂದೆ ಓಡುವವರ ಲೋಕವಾದರೆ ಇಲ್ಲಿ ಕಾಯುವವರ ಲೋಕ. ಕಾಂಪೌಂಡು ಗೋಡೆಯ ಉದ್ದಕ್ಕೂ ಲಾರಿಗಳು ಒಂದರ ಬಾಲಕ್ಕೆ ಒಂದು ಮೂಗು ತಾಗಿಸಿ ನಿಂತಿದ್ದವು. ಡ್ರೈವರುಗಳು ಬಾಗಿಲಿಗೆ ಕಾಲು ಕೊಟ್ಟು ಆಕಳಿಸುತ್ತಿದ್ದರು. ಗೋಡೆಯಲ್ಲೊಂದು ಸಣ್ಣ ಬಾಗಿಲು, ಅದರಿಂದ ಆಫೀಸಿನ ಗುಮಾಸ್ತರು ಗುಂಪುಗುಂಪಾಗಿ ಸಿಗರೇಟು ಸೇದಲು ಹೊರಗೆ ಬರುತ್ತಿದ್ದರು. ಒಳಗೆ ಸೇದುವಂತಿಲ್ಲವಂತೆ. ಆ ಸಣ್ಣ ಬಾಗಿಲಿಗೂ ವೇ ಬ್ರಿಜ್ಜಿಗೂ ನಡುವೆ, ಗೋಡೆಯ ನೆರಳು ಬೀಳುವ ಕಡೆ, ಹಾಸಿಗೆ ಹಾಸಿದಷ್ಟು ಸಮತಟ್ಟಾದ ನೆಲ. ಅಲ್ಲಿ ಒಂದೇ ಒಂದು ಗಾಡಿ ನಿಲ್ಲಬಹುದು. ಯಾರೂ ನಿಂತಿರಲಿಲ್ಲ.

ಆ ನೆಲದ ನಡುವೆ ಬಣ್ಣದ ಹಳೆಯ ಡಬ್ಬವೊಂದಿತ್ತು. ಅದರ ತುಂಬ ಸಿಮೆಂಟು ಸುರಿದು, ನಡುವೆ ಕಬ್ಬಿಣದ ಕೊಳವೆ ನಿಲ್ಲಿಸಿದ್ದರು. ಗಾಡಿಯವರು ದೊಡ್ಡ ಕೊಡೆಯ ಕಾಲನ್ನು ಸಿಕ್ಕಿಸುವುದು ಅಂಥದ್ದಕ್ಕೇ. ಕೊಡೆ ಮಾತ್ರ ಇರಲಿಲ್ಲ.

ಡ್ರೈವರ ಗಾಡಿಯನ್ನು ಅಲ್ಲಿಗೆ ತಿರುಗಿಸಿದ್ದನಷ್ಟೆ, ಎದುರಿನ ಪಂಕ್ಚರ್ ಅಂಗಡಿಯವನು ಕೈಯಲ್ಲಿ ಟ್ಯೂಬು ಹಿಡಿದುಕೊಂಡೇ ಬಂದ. "ಅಕ್ಕಾ, ಅಲ್ಲಿ ಬೇಡ. ಅದು ಕೊಡೆ ಅಜ್ಜಿ ಜಾಗ."

"ಯಾವ ಅಜ್ಜಿ?"

"ತಿಂಡಿ ಮಾರೋ ಅಜ್ಜಿ. ಎಷ್ಟೋ ವರ್ಷದಿಂದ ಇಲ್ಲೇ ನಿಲ್ಲೋದು. ಹುಷಾರಿಲ್ವಂತೆ, ಬರ್ತಾಳೆ. ಗಾಡಿ ಇಡೋರಲ್ಲಿ ಒಂದು ಪದ್ಧತಿ ಇದೆಯಕ್ಕಾ. ಬರೋಕಾಗದವರು ಏನಾದ್ರೂ ಗುರುತು ಬಿಟ್ಟು ಹೋಗ್ತಾರೆ. ಅವರಾಗಿ ಬೇಡ ಅಂತ ಹೇಳಿ ಕಳಿಸೋವರೆಗೂ ಆ ಜಾಗ ಅವರದ್ದೇ."

"ಬಿಟ್ಟುಹೋಗಿ ಎಷ್ಟು ದಿನ ಆಯ್ತು?"

"ಮಳೆಗಾಲದಲ್ಲಿ," ಎಂದವನು ಸ್ವಲ್ಪ ತಡೆದು, "ಮಳೆಗಾಲದ ಮೊದಲು ಅಂತ ಕಾಣುತ್ತೆ," ಎಂದ. ಆಗ ಚಳಿಗಾಲ ಮುಗಿಯುತ್ತ ಬಂದಿತ್ತು.

ಹೊಸಬರು, ಬಂದ ದಿನವೇ ಜಗಳ ಬೇಡವೆಂದು ಅಕ್ಕ ಗಾಡಿಯನ್ನು ರಸ್ತೆಯ ತಿರುವಿಗೆ ತಳ್ಳಿಸಿದಳು. ಬೇರೆ ಜಾಗ ಇದ್ದದ್ದು ಅಲ್ಲೇ. ಲಾರಿಗಳ ಸಾಲು ಅಲ್ಲಿಗೆ ಮುಟ್ಟುತ್ತಿರಲಿಲ್ಲ, ತಿರುಗುವ ಲಾರಿಗಳ ಧೂಳು ಮಾತ್ರ ತಪ್ಪದೆ ಮುಟ್ಟುತ್ತಿತ್ತು. ಡ್ರೈವರುಗಳು ಲಾರಿ ಬಿಟ್ಟು ಅಷ್ಟು ದೂರ ಬರುವವರಲ್ಲ. ಸಾಲು ಯಾವಾಗ ಮುಂದೆ ಸರಿಯುತ್ತದೋ ಯಾರಿಗೆ ಗೊತ್ತು? ಇಳಿದು ಬಂದ ಗಳಿಗೆಯಲ್ಲೇ ಸರಿದರೆ ಹಿಂದಿನವನು ನುಗ್ಗುತ್ತಾನೆ. ಇದನ್ನು ಹೆಂಡತಿಗೆ ವಿವರಿಸಿದ ಡ್ರೈವರ, ಲೋಟಗಳನ್ನು ತಂತಿಯ ಸ್ಟ್ಯಾಂಡಿಗೆ ಇಳಿಸಿ ತಾನೇ ಕ್ಯಾಬಿನ್ನುಗಳಿಗೆ ಒಯ್ದು ಕೊಟ್ಟ. ಉಪಾಯವೇನೋ ಸರಿಯಾಗಿತ್ತು. ಆದರೆ ಮಂಜುಗಣ್ಣಿನಲ್ಲಿ ಗುಂಡಿ ತಪ್ಪಿಸುತ್ತ ಅಷ್ಟು ದೂರ ನಡೆಯುವಷ್ಟರಲ್ಲಿ ಟೀ ಆರುತ್ತಿತ್ತು, ಅರ್ಧ ತುಳುಕುತ್ತಿತ್ತು. ಗುಮಾಸ್ತರಂತೂ ಸಿಗರೇಟು ಮುಗಿಸಿ ಒಳಗೆ ಹೋಗುವವರು, ತಿರುವಿನ ಕಡೆ ತಲೆ ಹಾಕುತ್ತಿರಲಿಲ್ಲ.

ಮೇನ್ ಗೇಟಿಗಿಂತ ವಾಸಿ, ಸಾಲುವಷ್ಟಲ್ಲ. ತಿಂಗಳು ಕರಗುತ್ತ ಬಂತು. ಡ್ರೈವರ ಒಂದು ಸಂಜೆ ಮೊಳೆಯಿಂದ ಬ್ಯಾಗು ಇಳಿಸಿ ಧೂಳು ಒರೆಸಿದ. ಅಕ್ಕ ನೋಡಿಯೂ ನೋಡದವಳಂತೆ ಒಲೆಯ ಕಡೆ ತಿರುಗಿದಳು.

ಹಾಗಿರುವಾಗ ಒಂದು ಬೆಳಿಗ್ಗೆ ಪಂಕ್ಚರ್ ಅಂಗಡಿ ಮುಚ್ಚಿತ್ತು. ನೆಂಟರ ಮದುವೆಯಂತೆ. ಅಕ್ಕ ಅತ್ತ ಇತ್ತ ನೋಡಿದಳು. ಡಬ್ಬ ಅಲ್ಲೇ ಕುಳಿತಿತ್ತು, ಕೊಳವೆಯ ಬಾಯಿ ತೆರೆದುಕೊಂಡು.

"ಒಂದು ದಿನ ಅಷ್ಟೇ ರೀ," ಎಂದಳು. "ಡಬ್ಬ ಮುಟ್ಟೋದು ಬೇಡ. ಪಕ್ಕದಲ್ಲಿ ನಿಲ್ಲೋಣ."

ಆ ದಿನ ಟೀ ಸೋಸಿ ಸೋಸಿ ಅವಳ ಮಣಿಕಟ್ಟು ನೋಯಿತು. ಡ್ರೈವರ ಎರಡು ಹೆಜ್ಜೆ ಇಟ್ಟರೆ ಒಂದು ಕ್ಯಾಬಿನ್ನು, ಇನ್ನೆರಡು ಹೆಜ್ಜೆಗೆ ಇನ್ನೊಂದು. ಅಲ್ಲಿದ್ದವರೆಲ್ಲ ಅವನ ಜಾತಿಯವರೇ ಎಂಬಂತೆ ಟೈರು, ಡೀಸೆಲ್ಲು, ಚೆಕ್‌ಪೋಸ್ಟಿನ ಮಾತಾಡುತ್ತ ಓಡಾಡಿದ. ಗುಮಾಸ್ತರು ಸಿಗರೇಟಿಗೆ ಜೊತೆ ಸಿಕ್ಕಿತೆಂದು ಮುತ್ತಿಕೊಂಡರು. ಬನ್ನು ಖಾಲಿ, ಬೇಯಿಸಿದ ಮೊಟ್ಟೆ ಖಾಲಿ, ಹಾಲಿಗೆ ಎರಡನೇ ಸಲ ಓಡಬೇಕಾಯಿತು. ಸಂತೋಷದಿಂದ ಕುಣಿಯಬೇಕಾದ ದಿನ.

ಆದರೆ ಲೋಟ ಕೈಗೆ ತೆಗೆದುಕೊಂಡವರೆಲ್ಲ ಮೊದಲು ಕೇಳಿದ್ದು ಒಂದೇ ಮಾತು. "ಅಜ್ಜಿ ಎಲ್ಲಿ?"

ಗೊತ್ತಿಲ್ಲ ಎಂದಳು ಮೊದಮೊದಲು. ಗೊತ್ತಿಲ್ಲ ಎಂದಾಗ ಅವರ ಮುಖ ಬಿಗಿಯುತ್ತಿತ್ತು. ಆಮೇಲೆ ಹುಷಾರಿಲ್ಲ ಎಂದಳು. ಈಗ ಹೇಗಿದ್ದಾರೆ ಎಂದು ಕೇಳಿದರು. ಪರವಾಗಿಲ್ಲ, ಬರ್ತಾರೆ ಎಂದಳು. ನೆರೆತ ಮೀಸೆಯ ಲಾರಿ ಡ್ರೈವರನೊಬ್ಬ ಕ್ಯಾಬಿನ್ನಿನಿಂದ ಬಗ್ಗಿ, "ನೀವು ಅಜ್ಜಿ ಮಗಳಾ?" ಎಂದು ಕೇಳಿದ. ಅಕ್ಕ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಅವನು ಹೌದೆಂದೇ ತಿಳಿದು, "ನಾನು ಕೇಳ್ದೆ ಅಂತ ಹೇಳಿ ತಾಯಿ. ಊಟಕ್ಕಿಲ್ಲದ ದಿನ ಅವಳು ಹಾಕಿದ ತಿಂಡಿ ಮರೆತಿಲ್ಲ ಅಂತ ಹೇಳಿ," ಎಂದ.

ಮನೆಗೆ ಬಂದ ಮೇಲೆ ಅಕ್ಕ ತಟ್ಟೆಯನ್ನು ಅತ್ತ ಸರಿಸಿ ಕುಳಿತಳು.

"ಇವತ್ತೇ ಅಲ್ವಾ ಗಾಡಿ ನಡೆದಿದ್ದು? ಯಾಕೆ ಹೀಗಿದ್ದೀಯ?" ಎಂದ ಡ್ರೈವರ.

"ನಾನು ಕಣ್ಣಾರೆ ಕಾಣದ ಮುದುಕಿ ಹೇಗಿದ್ದಾಳೆ ಅಂತ ಊರಿಗೆಲ್ಲ ಹೇಳ್ತಾ ನಿಂತಿದ್ದೆ ರೀ. ಪರವಾಗಿಲ್ಲ ಅಂದೆ. ಪರವಾಗಿಲ್ವೋ, ಬದುಕಿದ್ದಾಳೋ ಇಲ್ವೋ, ನಂಗೇನು ಗೊತ್ತು?"

ಡ್ರೈವರ ತಟ್ಟೆಯಲ್ಲಿದ್ದ ಅನ್ನವನ್ನು ಕಲಸಿ ಅವಳ ಮುಂದೆ ಸರಿಸಿದ. ಈ ಮನುಷ್ಯ ಬ್ಯಾಗು ಹಿಡಿದು ಹೋಗಿಬಿಟ್ಟರೆ ಇನ್ನು ಹೀಗೆ ತಟ್ಟೆ ಸರಿಸುವವರು ಯಾರು ಎಂದು ಅವಳಿಗೆ ಅಳು ಬಂತು. ಆದರೂ ಮರುದಿನ ಗಾಡಿಯನ್ನು ಮತ್ತೆ ತಿರುವಿಗೇ ತಳ್ಳಿದಳು. ಹುಚ್ಚು ಹೆಂಗಸು ಎಂದುಕೊಳ್ಳುವವರು ಅಂದುಕೊಳ್ಳಲಿ, ನನಗಂತೂ ಅವಳ ಮೇಲೆ ಅಭಿಮಾನ.

ಪಂಕ್ಚರ್ ಅಂಗಡಿಯವನಿಗೆ ಅಷ್ಟರಲ್ಲಾಗಲೇ ಯಾರೋ ವರದಿ ಒಪ್ಪಿಸಿದ್ದರು. ಅವನು ಮುಖ ಊದಿಸಿಕೊಂಡು ಕುಳಿತಿದ್ದ. ಅಕ್ಕ ಒಂದು ಲೋಟ ಟೀ ಹಿಡಿದು ನೇರ ಅವನ ಮುಂದೆ ನಿಂತಳು.

"ನಿನ್ನೆ ಅಲ್ಲಿ ನಿಂತಿದ್ದೆ ಅಣ್ಣಾ. ತಪ್ಪಾಯ್ತು. ಅಜ್ಜಿ ಮನೆ ಎಲ್ಲಿ ಹೇಳಿ, ಅವರ ಹತ್ರಾನೂ ಹೇಳಿ ಬರ್ತೀನಿ."

"ಮರದ ಮಿಲ್ಲಿನ ಹಿಂದೆ ಎಲ್ಲೋ. ನೀಲಿ ಡ್ರಮ್ಮು ಇಟ್ಟಿರೋ ಮನೆ ಅಂತಿದ್ಲು."

"ನೀವು ಹೋಗಿಲ್ವಾ?"

ಅವನು ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದಿದ. ಗುಳ್ಳೆ ಏಳುವುದನ್ನೇ ನೋಡುತ್ತ, "ಹೆಂಗೆ ಹೋಗೋದಕ್ಕಾ?" ಎಂದ. "ಹೇಗಿದ್ದೀಯ ಅಂತ ಕೇಳೋಕೆ ಹೋದ್ರೆ, ಜಾಗ ಬಿಡ್ತೀಯಾ ಅಂತ ಕೇಳೋಕೆ ಬಂದ ಅಂದ್ಕೋತಾರೆ. ನನ್ನ ಭಾವಮೈದಾನೂ ಗಾಡಿ ಇಡಬೇಕು ಅಂತಿದ್ದಾನೆ, ಅದು ಅಜ್ಜಿಗೂ ಗೊತ್ತು. ಕಣ್ಣು ಹಾಕಿದ ಅಂತ ಅನ್ನಿಸ್ಕೊಳ್ಳೋದು ಯಾರಿಗೆ ಬೇಕು?"

"ಬೇರೆ ಯಾರೂ ಹೋಗಿಲ್ವಾ?"

"ಬೇರೆಯವರು ಹೋಗಿರ್ತಾರೆ ಅಂತ..." ಅವನು ಮಾತು ಅಲ್ಲಿಗೇ ಬಿಟ್ಟ. ಹತ್ತು ಜನ ಸೇರಿದ ಕಡೆ ಹಾವು ಸಾಯೋದಿಲ್ಲ ಎನ್ನುವುದು ಸುಮ್ಮನೆ ಅಲ್ಲ. ಆ ರಸ್ತೆಯಲ್ಲಿ ದಿನವೂ ಡಬ್ಬದ ಧೂಳು ಒರೆಸುವವರಿದ್ದರು. ಅಜ್ಜಿಯ ಬಾಗಿಲು ಬಡಿದವರಿರಲಿಲ್ಲ.

ಮಧ್ಯಾಹ್ನ ಗಾಡಿಯನ್ನು ಪಂಕ್ಚರ್ ಅಂಗಡಿಯವನ ಸುಪರ್ದಿಗೆ ಬಿಟ್ಟು ಗಂಡ ಹೆಂಡತಿ ಹೊರಟರು. ಅಕ್ಕನ ಕೈಯಲ್ಲಿ ಫ್ಲಾಸ್ಕು. ಮರದ ಮಿಲ್ಲಿನ ಹಿಂದೆ ನೀಲಿ ಡ್ರಮ್ಮಿನ ಮನೆಗಳು ಒಂದಲ್ಲ, ಸಾಲಿಗೆ ಸಾಲೇ ಇದ್ದವು. ಕೇಳಿ ಕೇಳಿ ಕೊನೆಗೆ ಒಂದು ಬಾಗಿಲು ತಳ್ಳಿದರೆ, ಒಂದೇ ಕೋಣೆ. ಕಿಟಕಿಯ ಪಕ್ಕದ ಮಂಚದ ಮೇಲೆ ಸಣ್ಣ ಮುದುಕಿ, ಒಂದು ಕಾಲು ದಿಂಬಿನ ಮೇಲೆ. ಮೂಲೆಯಲ್ಲಿ ಅವಳಿಗಿಂತ ಎತ್ತರದ, ಹಗ್ಗದಿಂದ ಬಿಗಿದ ದೊಡ್ಡ ಕೊಡೆ.

"ಯಾರು?" ಎಂದಳು ಅಜ್ಜಿ. ದನಿಗೆ ಮಾತ್ರ ಮುಪ್ಪು ಬಂದಿರಲಿಲ್ಲ.

"ವೇ ಬ್ರಿಜ್ ರಸ್ತೆಯಿಂದ ಬಂದ್ವಿ ಅಜ್ಜಿ. ಟೀ ಗಾಡಿಯವರು."

ಅಜ್ಜಿ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದಳು. ಆಮೇಲೆ, "ಓಹೋ. ಹಂಗಾದ್ರೆ ನನ್ನ ಜಾಗದಲ್ಲಿ ಈಗ ನೀವಾ?" ಎಂದಳು.

"ಇಲ್ಲ ಅಜ್ಜಿ. ಜಾಗ ಖಾಲಿ ಇದೆ. ನಿಮ್ಮ ಡಬ್ಬ ಹಾಗೇ ಇದೆ."

"ಸುಳ್ಳು."

"ದೇವರಾಣೆ. ಯಾರೂ ಮುಟ್ಟಿಲ್ಲ. ಮುಟ್ಟಿದ್ರೆ ನಾನೊಬ್ಳೇ. ಒಂದು ದಿನ ಪಕ್ಕದಲ್ಲಿ ನಿಂತಿದ್ದೆ. ಅದನ್ನೇ ಹೇಳೋಣ ಅಂತ ಬಂದೆ." ಅಕ್ಕ ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟಳು. ಎಲ್ಲರೂ ಅಜ್ಜಿಯನ್ನು ಕೇಳಿದ್ದು, ತಾನು ಪರವಾಗಿಲ್ಲ ಎಂದದ್ದು, ನೆರೆತ ಮೀಸೆಯವನು ಹೇಳಿ ಕಳಿಸಿದ ಮಾತು, ಎಲ್ಲವನ್ನೂ.

ಅಜ್ಜಿ ದಿಂಬಿನ ಮೇಲಿದ್ದ ಕಾಲನ್ನು ತೋರಿಸಿದಳು. "ನಾನು ಬಚ್ಚಲಲ್ಲಿ ಜಾರಿ ಬಿದ್ದೆ. ಮೂಳೆ ಮುರೀತು. ಗಾಡಿ ಮಾರಿ ಕಾಲು ಕೂಡಿಸ್ಕೊಂಡೆ. ಮಲಗಿದಲ್ಲೇ ದಿನಾ ಬಾಗಿಲು ನೋಡ್ತಿದ್ದೆ. ಪಕ್ಕದ ಮನೆಯವರು ಗಂಜಿ ತಂದು ಕೊಡ್ತಿದ್ರು, ರಸ್ತೆಯಿಂದ ಒಬ್ರೂ ಬರ್ಲಿಲ್ಲ. ಅಜ್ಜಿ ಹೋದ್ಲು, ಜಾಗ ಸಿಕ್ತು ಅಂತ ಮಾರನೇ ದಿನವೇ ಹಂಚ್ಕೊಂಡಿರ್ತಾರೆ ಅಂದ್ಕೊಂಡೆ. ಎಲ್ಲರನ್ನೂ ಹಿಡಿಶಾಪ ಹಾಕ್ದೆ." ಸೆರಗಿನಿಂದ ಕಣ್ಣೊರೆಸಿಕೊಂಡಳು. "ಡಬ್ಬ ನೋಡ್ಕೊಂಡ್ರಾ! ಅಷ್ಟು ದಿನ ಡಬ್ಬ ನೋಡ್ಕೊಂಡ ಪುಣ್ಯಾತ್ಮರಿಗೆ ಒಂದು ದಿನ ನನ್ನನ್ನ ನೋಡೋಕಾಗಲಿಲ್ವಾ?"

"ಹೇಳಿ ಕಳಿಸಬಹುದಿತ್ತಲ್ಲ ಅಜ್ಜಿ?" ಎಂದ ಡ್ರೈವರ ಮೆತ್ತಗೆ.

"ಹೇಳಿ ಕಳಿಸಿದ್ರೆ ಜಾಗ ಬೇಡ ಅಂದ ಹಾಗಲ್ವೇನಪ್ಪ ನಮ್ಮಲ್ಲಿ? ಸುಮ್ಮನಿದ್ರೆ ಇನ್ನೂ ನಂದು ಅಂತ ಒಂದು ಆಸೆ."

ಅಕ್ಕ ಮಂಚದ ಅಂಚಿಗೆ ಕುಳಿತು ಅಜ್ಜಿಯ ಕೈ ಹಿಡಿದುಕೊಂಡಳು. ಆ ಕೈಯ ತುಂಬ ಕುದಿಯುವ ಎಣ್ಣೆ ಸಿಡಿದ ಹಳೆಯ ಕಲೆಗಳು. ಇಬ್ಬರೂ ಅತ್ತರು. ಡ್ರೈವರ ಕೊಡೆಯ ಹಗ್ಗವನ್ನು ಪರೀಕ್ಷಿಸುವವನಂತೆ ಮೂಲೆಗೆ ಮುಖ ಮಾಡಿ ನಿಂತ.

ಅಳು ಮುಗಿದ ಮೇಲೆ ಅಜ್ಜಿ ಟೀ ಕುಡಿದಳು. ಗುಟುಕನ್ನು ಬಾಯಲ್ಲಿ ಇಟ್ಟುಕೊಂಡು ಯೋಚಿಸಿ ನುಂಗಿದಳು. "ಟೀ ಚೆನ್ನಾಗಿದೆ. ಡ್ರೈವರ್‌ಗಳಿಗೆ ಇನ್ನೊಂದು ಚೂರು ಸಕ್ಕರೆ ಬೇಕು, ನಿದ್ದೆ ಕೆಟ್ಟಿರ್ತಾರೆ. ಒಲೇನ ಯಾವ ಕಡೆ ಇಟ್ಟಿದ್ದೆ?"

"ರಸ್ತೆ ಕಡೆ."

"ಅಯ್ಯೋ ಪೆದ್ದೀ, ಗೋಡೆ ಕಡೆ ಇಡಬೇಕು. ಬೆಳಿಗ್ಗೆ ಗಾಳಿ ರಸ್ತೆ ಕಡೆಯಿಂದ ಬೀಸುತ್ತೆ, ಉರಿ ನಿಲ್ಲಲ್ಲ, ಗ್ಯಾಸು ದಂಡ. ಗಾಡಿ ಮೂತಿ ವೇ ಬ್ರಿಜ್ ಕಡೆ ಇರಲಿ. ಉದ್ದ ಲಾರಿ ತಿರುಗುವಾಗ ಅದರ ಹಿಂಭಾಗ ಒಳಗೆ ಬರುತ್ತೆ, ಡಬ್ಬ ದಾಟಿ ಮುಂದೆ ನಿಂತ್ಯೋ ಕೆಟ್ಟೆ. ಡಬ್ಬ ನಾನು ಸುಮ್ಮನೆ ಅಲ್ಲಿಟ್ಟಿಲ್ಲ."

ಅಕ್ಕ ಮಂಚದ ಅಂಚಿನಿಂದ ಮುಂದಕ್ಕೆ ಬಾಗಿದಳು. "ಅಜ್ಜಿ, ಅಂದ್ರೆ ನಾವು ಅಲ್ಲಿ..."

"ಜಾಗ ಕೊಡ್ತೀನಿ ಅಂದ್ನಾ ನಾನು?" ಅಜ್ಜಿ ಕಣ್ಣು ದೊಡ್ಡದು ಮಾಡಿದಳು. "ಕೊಡಲ್ಲ. ಬದುಕಿರೋವರೆಗೂ ಯಾರಿಗೂ ಕೊಡಲ್ಲ. ನಾನೂ ಬರ್ತೀನಿ. ಗಾಡಿ ತಳ್ಳೋಕಾಗಲ್ಲ, ನಿಲ್ಲೋಕಾಗಲ್ಲ, ಕೂತ್ಕೊಂಡು ಮೊಟ್ಟೆ ಸುಲಿಯೋಕೆ ಕಾಲು ಯಾಕೆ ಬೇಕು? ಟೀ ನಿಂದು, ತಿಂಡಿ ನಂದು, ಜಾಗ ಇಬ್ಬರದ್ದು. ಕರ್ಕೊಂಡು ಹೋಗೋಕೆ ಆಗುತ್ತೋ ಇಲ್ವೋ, ಅಷ್ಟು ಹೇಳು."

ಅಕ್ಕ ಗಂಡನ ಮುಖ ನೋಡಿದಳು. ತಳ್ಳಬೇಕಾದವನು ಅವನು, ಇರಬೇಕಾದವನು ಅವನು. ಈ ಮಾತಿಗೆ ಹೌದೆಂದರೆ ದೂರದ ಗೋಡೌನಿಗೆ ಇಲ್ಲವೆಂದ ಹಾಗೆ.

ಡ್ರೈವರ ಮಂಚದ ಹತ್ತಿರ ಬಂದ. "ನಿಧಾನಕ್ಕೆ ಓಡಿಸ್ತೀನಿ ಅಜ್ಜಿ. ಆದ್ರೆ ಮೊದಲೇ ಹೇಳಿಬಿಡ್ತೀನಿ, ನಂಗೆ ಲೈಸೆನ್ಸ್ ಇಲ್ಲ."

ಅಜ್ಜಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಅಕ್ಕ ನಗುತ್ತಲೇ ಮತ್ತೊಮ್ಮೆ ಅತ್ತಳು.

ಮರುದಿನ ಬೆಳಿಗ್ಗೆ ವೇ ಬ್ರಿಜ್ ರಸ್ತೆಯವರು ಕಂಡ ದೃಶ್ಯವೆಂದರೆ, ಟೀ ಗಾಡಿಯ ಹಲಗೆಯ ಮೇಲೆ, ಒಲೆ ಇರಬೇಕಾದ ಕಡೆ, ಕೊಡೆ ಅಜ್ಜಿ ಮಡಚಿದ ಕೊಡೆಯನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬರುತ್ತಿದ್ದಳು. ತಳ್ಳುತ್ತಿದ್ದವನು ಡ್ರೈವರ. ಒಲೆ ಮತ್ತು ಪಾತ್ರೆಯನ್ನು ತಲೆಯ ಮೇಲೆ ಹೊತ್ತು ಹಿಂದಿನಿಂದ ಬರುತ್ತಿದ್ದವಳು ಅಕ್ಕ. ಗುಂಡಿ ಬಂದಲ್ಲೆಲ್ಲ ಅಜ್ಜಿಯೇ, "ಎಡಕ್ಕೆ! ಎಡಕ್ಕೆ ಕಣೋ! ಅದು ಬಲ!" ಎಂದು ಅವನ ಮಂಜುಗಣ್ಣಿಗೆ ಕಣ್ಣಾಗಿದ್ದಳು.

ಪಂಕ್ಚರ್ ಅಂಗಡಿಯವನು ಟ್ಯೂಬು ಬಿಸಾಡಿ ಓಡಿಬಂದ. ನೆಲದ ಕಡೆ ಕೈ ತೋರಿಸಿ, "ಅಜ್ಜಿ, ಡಬ್ಬ ನೋಡು, ಹಂಗೇ ಇದೆ," ಎಂದ.

"ಡಬ್ಬಕ್ಕೇನಾಗುತ್ತೆ, ಸಿಮೆಂಟಿಂದು," ಎಂದಳು ಅಜ್ಜಿ. "ಇಳಿಸು ನನ್ನ." ಅವನು ಅವಳನ್ನು ಎತ್ತಿ ಗೋಡೆಯ ನೆರಳಿನಲ್ಲಿ ಸ್ಟೂಲಿನ ಮೇಲೆ ಕೂರಿಸಿದ. ಕೂರಿಸಿದವನು ಏಳದೆ ಅವಳ ಕಾಲ ಬಳಿಯೇ ಕುಕ್ಕರುಗಾಲಲ್ಲಿ ಕುಳಿತ. "ಜಾಗಕ್ಕೆ ಕಣ್ಣು ಹಾಕಿದ ಅಂತ ನೀನು ಅಂದ್ಕೋತೀಯ ಅಂತ ಬರ್ಲಿಲ್ಲ ಅಜ್ಜಿ," ಎಂದ. ಅಜ್ಜಿ ಅವನ ತಲೆಯ ಮೇಲೊಂದು ಮೊಟಕಿ, ಮೊಟಕಿದ ಕಡೆಯೇ ಸವರಿದಳು.

ಡ್ರೈವರ ಕೊಡೆಯ ಕಾಲನ್ನು ಡಬ್ಬದ ಕೊಳವೆಗೆ ಇಳಿಸಿ ಬಿಚ್ಚಿದ. ಬಣ್ಣ ಮಾಸಿದ್ದರೂ ಒಂದು ಕಡ್ಡಿಯೂ ಮುರಿದಿರಲಿಲ್ಲ. ಒಲೆ ಗೋಡೆಯ ಕಡೆ ಹೋಯಿತು, ಗಾಡಿಯ ಮೂತಿ ವೇ ಬ್ರಿಜ್ ಕಡೆ ತಿರುಗಿತು. ಸಾಲಿನಲ್ಲಿದ್ದ ಲಾರಿಗಳಿಂದ ಡ್ರೈವರುಗಳು ಒಬ್ಬೊಬ್ಬರಾಗಿ ಇಳಿದು ಬಂದರು. ಹಿಂದಿನವನು ನುಗ್ಗಿದರೆ ನುಗ್ಗಲಿ ಎಂದು ಇಳಿದು ಬಂದರು. ಆದರೆ ಆ ಬೆಳಿಗ್ಗೆ ಯಾರೂ ನುಗ್ಗಲಿಲ್ಲ.

ತಿಂಗಳ ಕೊನೆಗೆ ಗೋಡೌನಿನವನಿಗೆ ಬರುವುದಿಲ್ಲ ಎಂಬ ಸುದ್ದಿ ಹೋಯಿತು. ಮೊಳೆಯಲ್ಲಿದ್ದ ರೆಕ್ಸಿನ್ ಬ್ಯಾಗಿಗೂ ಕೆಲಸ ಸಿಕ್ಕಿತು. ಬೇಕರಿಯಿಂದ ದಿನವೂ ಬನ್ನು ತರಲು ಅದರಷ್ಟು ಅನುಕೂಲದ್ದು ಬೇರೆ ಇರಲಿಲ್ಲ. ಸವತಿಯ ಹೊಟ್ಟೆಯ ತುಂಬ ಬನ್ನು ತುಂಬಿ ಗಂಡನ ಹೆಗಲಿಗೆ ಹಾಕುವಾಗಲೆಲ್ಲ ಅಕ್ಕನಿಗೆ ಒಳಗೊಳಗೇ ನಗು ಬರುತ್ತಿತ್ತು.

ಒಂದು ದಿನ ಹೊಸಬನೊಬ್ಬ, ಆ ದಾರಿಗೆ ಮೊದಲ ಸಲ ಲಾರಿ ತಂದವನು, ಕೊಡೆಯ ಕೆಳಗೆ ನಿಂತು ಟೀ ಕುಡಿಯುತ್ತಿದ್ದ. ಮೊಟ್ಟೆ ಸುಲಿಯುತ್ತಿದ್ದ ಅಜ್ಜಿಯನ್ನೂ, ಟೀ ಸೋಸುತ್ತಿದ್ದ ಅಕ್ಕನನ್ನೂ ನೋಡಿ, "ಅಕ್ಕಾ, ನೀವು ಇವರ ಮಗಳಾ?" ಎಂದು ಕೇಳಿದ.

ಅಕ್ಕ ಒಲೆ ಬಿಟ್ಟು ಅಜ್ಜಿಯ ಕಡೆ ನೋಡಿದಳು. ಮಕ್ಕಳಿಲ್ಲದ ಮುದುಕಿ, ಏನೆಂದುಕೊಳ್ಳುತ್ತಾಳೋ ಎಂದು ಅವಳು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿಯೇ ತಲೆ ಎತ್ತಿದಳು.

"ಮತ್ತಿನ್ಯಾರು? ಇಬ್ಬರ ಬಾಯಿ ಜೋರು ನೋಡಿದ್ರೆ ಗೊತ್ತಾಗಲ್ವಾ ನಿಂಗೆ?" ಎಂದಳು. ಆಮೇಲೆ ಅಕ್ಕನ ಕಡೆ ತಿರುಗಿ, "ಏನೇ ನೋಡ್ತಿದ್ದೀಯ? ಹಾಲು ಉಕ್ತಾ ಇದೆ," ಎಂದಳು.

ಅಕ್ಕ ತಟಕ್ಕನೆ ಉರಿ ತಗ್ಗಿಸಿದಳು. ಹಾಲು ಅಷ್ಟರಲ್ಲಿ ಸ್ವಲ್ಪ ಉಕ್ಕಿಹೋಗಿತ್ತು. ಅವಳು ಕಣ್ಣೊರೆಸಿಕೊಂಡು ಒಲೆಯನ್ನೂ ಒರೆಸಿದಳು.